‘ಹಾಯ್’ ಅಂದು ಸುಮ್ಮನಾದವರನ್ನು ಮಾತಿಗೆ ಕರೆಯುವುದು ಹೇಗೆ?

ಪ್ರಶ್ನೆ: ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಸ್ಕಾಲರ್‌ಶಿಪ್, ಹಾಸ್ಟೆಲ್ ವಿಷಯಕ್ಕೆ ಒಂದು ವಾಟ್ಸಾಪ್ ಸಹಾಯ ನಂಬರ್ ನಡೆಸುತ್ತಿದ್ದೇವೆ. ತುಂಬ ಜನ ಬರೀ ‘ಹಾಯ್’ ಅಂತ ಕಳಿಸ್ತಾರೆ. ‘ಹೇಳಿ, ಏನು ಸಹಾಯ ಬೇಕಿತ್ತು?’ ಅಂತ ಕೇಳಿದ್ರೆ ಉತ್ತರವೇ ಬರಲ್ಲ. ಇಂಥವರನ್ನ ಮಾತಾಡಿಸೋದು ಹೇಗೆ?

ಉತ್ತರ: ನೀವು ಅಂಟಿಸಿರುವ ಪೋಸ್ಟರನ್ನು ಮೊದಲು ಒಮ್ಮೆ ಓದಿ ನೋಡಿ. ‘ಈ ನಂಬರಿಗೆ ಹಾಯ್ ಎಂದು ಕಳಿಸಿ’ ಅಂತ ಅದರಲ್ಲೇ ಬರೆದಿರುವ ಸಾಧ್ಯತೆ ಜಾಸ್ತಿ. ನಮ್ಮ ಮೆಟ್ರೋ 2022ರ ನವೆಂಬರ್ 1ರಂದು ವಾಟ್ಸಾಪಿನಲ್ಲಿ ಟಿಕೆಟ್ ಕೊಡಲು ಶುರು ಮಾಡಿದಾಗಲೂ ಜನರಿಗೆ ಹೇಳಿದ್ದು ಇದನ್ನೇ. ಹಾಯ್ ಕಳಿಸಿ, ಮುಂದಿನದು ತಾನಾಗಿ ಬರುತ್ತದೆ. ಬ್ಯಾಂಕುಗಳೂ ಹೀಗೇ ಕಲಿಸಿವೆ. ಹಾಗಾಗಿ ನಿಮಗೆ ಬರುವ ಹಾಯ್‌ಗಳಲ್ಲಿ ಒಂದಷ್ಟು ನಾಚಿಕೆಯವೇ ಅಲ್ಲ. ಹೇಳಿದ ಕೆಲಸ ಮಾಡಿದ್ದೇವೆ, ಇನ್ನು ಪಟ್ಟಿ ಬರುತ್ತೆ ಅಂತ ಅವರು ಕಾಯುತ್ತಿರುತ್ತಾರೆ. ನೀವು ಅವರ ಪ್ರಶ್ನೆಗೆ ಕಾಯುತ್ತಿರುತ್ತೀರಿ. ಇಬ್ಬರೂ ಕಾಯುತ್ತಾ ಕೂತರೆ ಮಾತು ಅಲ್ಲಿಗೇ ಮುಗಿಯಿತು.

ಇನ್ನು ಕೆಲವರು ಪರೀಕ್ಷೆ ಮಾಡುತ್ತಿರುತ್ತಾರೆ. ಈ ನಂಬರಿನಲ್ಲಿ ನಿಜವಾಗಿ ಯಾರಾದರೂ ಇದ್ದಾರಾ? ದುಡ್ಡು ಕೇಳ್ತಾರಾ? ಮೋಸದ ನಂಬರಾ? ಮೂರನೆಯವರು ನೀವು ಕೇಳುತ್ತಿರುವವರು. ಅವರಿಗೆ ಹೇಳಬೇಕಾದ್ದು ಇದೆ. ಬರೆದು, ಅಳಿಸಿ, ಮತ್ತೆ ಬರೆದು, ಕೊನೆಗೆ ಹಾಯ್ ಒಂದನ್ನೇ ಕಳಿಸಿದ್ದಾರೆ. ತೆರೆಯ ಮೇಲೆ ‘typing…’ ಬಂದು, ಹೋಗಿ, ಮತ್ತೆ ಬಂದರೆ ಅದು ಇವರೇ. ಆದರೆ ಬಂದಿರುವ ಒಂದು ಪದ ನೋಡಿ ಈ ಮೂವರನ್ನೂ ಬೇರೆ ಮಾಡೋಕೆ ಆಗಲ್ಲ. ಆದ್ದರಿಂದ ನಿಮ್ಮ ಮೊದಲ ಉತ್ತರ ಮೂವರಿಗೂ ಒಗ್ಗುವಂತಿರಬೇಕು. ಐಟಿ ಕಚೇರಿಗಳಲ್ಲಿ ‘ಬರೀ ಹಾಯ್ ಕಳಿಸಬೇಡಿ, ನೇರ ವಿಷಯ ಹೇಳಿ’ ಅನ್ನೋ ನಿಯಮ ಓಡಾಡುತ್ತಿದೆ, ನೋಡಿರಬಹುದು. ಅದು ದಿನಾ ಮುಖ ನೋಡುವ ಸಹೋದ್ಯೋಗಿಗಳಿಗೆ ಸರಿ. ಮೊದಲ ಸಲ ಬಂದವರಿಗೆ ಹಾಗೆ ಹೇಳಿದರೆ ಅದು ಬೈದ ಹಾಗೇ ಕೇಳಿಸುತ್ತದೆ.

ಈಗ ನಿಮ್ಮ ‘ಹೇಳಿ, ಏನು ಸಹಾಯ ಬೇಕಿತ್ತು?’ ಕಡೆ ಬರೋಣ. ಮಾತಿನಲ್ಲಿ ಮರ್ಯಾದೆ ಇದೆ, ತಪ್ಪಿಲ್ಲ. ಎದುರುಬದುರು ಕೂತಾಗ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಇಮ್ಯಾನುಯೆಲ್ ಶೆಗ್ಲಾಫ್ 1968ರಲ್ಲಿ ಫೋನ್ ಕರೆಗಳು ಹೇಗೆ ಶುರುವಾಗುತ್ತವೆ ಅಂತ ಬಿಡಿಸಿ ನೋಡಿದ್ದರು. ಫೋನ್ ಗಂಟೆ ಬಾಗಿಲು ತಟ್ಟಿದ ಹಾಗೆ, ಅದೊಂದು ಕರೆ. ‘ಹಲೋ’ ಅಂದರೆ ಕರೆಗೆ ಓಗೊಟ್ಟಂತೆ. ಓಗೊಟ್ಟ ಮೇಲೆ ವಿಷಯ ಎತ್ತುವ ಹೊಣೆ ಕರೆದವರದ್ದೇ. ಫೋನಿನಲ್ಲಿ ಇದು ಎರಡೇ ಸೆಕೆಂಡಿನ ವ್ಯವಹಾರ. ಆ ಕಡೆ ಉಸಿರು ಕೇಳಿಸುತ್ತಿರುತ್ತದೆ, ಸುಮ್ಮನಿರೋಕೆ ಆಗಲ್ಲ. ಚಾಟಿನಲ್ಲಿ ಆ ಒತ್ತಡವೇ ಇಲ್ಲ. ‘ಹೇಳಿ’ ಅಂತ ಬಂದದ್ದನ್ನು ನೋಡಿ ಫೋನನ್ನು ಜೇಬಿಗೆ ಹಾಕಿಕೊಂಡರೆ ಯಾರೂ ಕೇಳುವವರಿಲ್ಲ. ಅಂದರೆ ನೀವು ಹೊಣೆಯನ್ನು ವಾಪಸ್ ಅವರಿಗೇ ಕೊಟ್ಟಿರಿ, ಅವರು ಅದನ್ನು ಅಲ್ಲೇ ಇಟ್ಟು ಹೋದರು.

ಆ ಹೊಣೆ ಚಿಕ್ಕದೂ ಅಲ್ಲ. ‘ಏನು ಸಹಾಯ ಬೇಕು?’ ಅನ್ನೋದಕ್ಕೆ ಉತ್ತರ ಬರೆಯಲು ತನ್ನ ತೊಂದರೆಗೆ ಒಂದು ಹೆಸರು ಹುಡುಕಬೇಕು. ಅದು ಈ ನಂಬರಿನಲ್ಲಿ ಕೇಳುವಂಥದ್ದೇ ಅಂತ ತಾನೇ ತೀರ್ಮಾನ ಮಾಡಬೇಕು. ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಅಂತ ಯೋಚಿಸಬೇಕು, ತಪ್ಪಿಲ್ಲದೆ ಬರೆಯಬೇಕು. ಕೆಲವೊಮ್ಮೆ ಮನೆಯ ವಿಷಯವನ್ನೂ ಗೊತ್ತಿಲ್ಲದವರ ಮುಂದೆ ಇಡಬೇಕಾಗುತ್ತದೆ. ಊರಲ್ಲಿ ಪಿಯುಸಿ ಮುಗಿಸಿ ಮೊದಲ ವರ್ಷದ ಡಿಗ್ರಿಗೆ ಬಂದ ಹುಡುಗಿಗೆ ‘ನನ್ನ ಡಿಬಿಟಿ ಬೇರೆ ಖಾತೆಗೆ ಮ್ಯಾಪ್ ಆಗಿದೆ’ ಅಂತ ಬರೆಯಲು ಬರುವಂತಿದ್ದರೆ ಅವಳಿಗೆ ನಿಮ್ಮ ನಂಬರೇ ಬೇಕಿರಲಿಲ್ಲ ಅಲ್ವಾ?

ಹಾಗಾದರೆ ಮೊದಲ ಉತ್ತರದಲ್ಲಿ ಏನಿರಬೇಕು? ನಾನು ಸ್ವಯಂಸೇವಕರಿಗೆ ಹೇಳಿಕೊಡುವುದು ಹೆಚ್ಚುಕಡಿಮೆ ಹೀಗಿರುತ್ತದೆ:

> ನಮಸ್ಕಾರ. ಇದು ಕಾಲೇಜಿನ ಹಳೆ ವಿದ್ಯಾರ್ಥಿಗಳ ಸಹಾಯ ನಂಬರ್. ನಾನು (ನಿಮ್ಮ ಹೆಸರು). ಇದಕ್ಕೆ ದುಡ್ಡು ಏನೂ ಇಲ್ಲ.
> ಜಾಸ್ತಿ ಜನ ಕೇಳೋದು ಇವನ್ನ:
> 1. ಸ್ಕಾಲರ್‌ಶಿಪ್ ಅರ್ಜಿ ಹಾಕೋದು ಹೇಗೆ
> 2. ಅರ್ಜಿ ಹಾಕಿದೀನಿ, ದುಡ್ಡು ಬಂದಿಲ್ಲ
> 3. ಹಾಸ್ಟೆಲ್ ಬೇಕು
> 1, 2, 3 ಅಂತ ಕಳಿಸಿದ್ರೂ ಸಾಕು. ಇದ್ಯಾವುದೂ ಅಲ್ಲ, ಹೇಗೆ ಹೇಳೋದು ಗೊತ್ತಾಗ್ತಿಲ್ಲ ಅಂದ್ರೆ 4 ಕಳಿಸಿ, ನಾನೇ ಕೇಳ್ತೀನಿ.

ಇದರಲ್ಲಿ ನಾಲ್ಕು ವಿಷಯ ಗಮನಿಸಿ. ನೀವು ಯಾರು ಅಂತ ಮೊದಲ ಸಾಲಿನಲ್ಲೇ ಇದೆ, ಹೆಸರಿನ ಸಮೇತ. ಪರೀಕ್ಷೆ ಮಾಡಲು ಬಂದವರಿಗೆ ಅಲ್ಲಿಗೇ ಉತ್ತರ ಸಿಕ್ಕಿತು. ‘ದುಡ್ಡು ಏನೂ ಇಲ್ಲ’ ಅನ್ನೋದು ಕೆಲವರಿಗೆ ಅತಿ ಅನಿಸಬಹುದು. ಆದರೆ ಸೈಬರ್ ಸೆಂಟರಿನಲ್ಲಿ ಪ್ರತಿ ಪ್ರಿಂಟಿಗೂ ಕಾಸು ಕೊಟ್ಟು ಬಂದವರ ತಲೆಯಲ್ಲಿ ಮೊದಲು ಏಳುವ ಪ್ರಶ್ನೆಯೇ ಅದು. ಅವರು ಬಾಯಿಬಿಟ್ಟು ಕೇಳಲ್ಲ.

ಎರಡನೆಯದು, ಪಟ್ಟಿಯಲ್ಲಿರುವುದು ಇಲಾಖೆಯ ಮಾತಲ್ಲ, ಕೇಳುವವರ ಮಾತು. ‘ವಿದ್ಯಾರ್ಥಿವೇತನ ಪಾವತಿ ಸಮಸ್ಯೆ’ ಅಂತ ಬರೆದರೆ ಓದುವವರು ತಮ್ಮ ಕಷ್ಟವನ್ನು ಅದಕ್ಕೆ ಹೊಂದಿಸಿ ನೋಡಬೇಕು. ‘ಅರ್ಜಿ ಹಾಕಿದೀನಿ, ದುಡ್ಡು ಬಂದಿಲ್ಲ’ ಅಂತಿದ್ದರೆ ‘ಹೌದು, ನಂದೂ ಇದೇ’ ಅನಿಸುತ್ತದೆ. ‘ಜಾಸ್ತಿ ಜನ ಕೇಳೋದು’ ಅನ್ನುವ ಮಾತೂ ಸುಮ್ನೆ ಬಂದಿಲ್ಲ. ಇದನ್ನು ಕೇಳುತ್ತಿರುವುದು ನಾನೊಬ್ಬಳೇ ಅಲ್ಲ ಅಂತ ಗೊತ್ತಾದರೆ ಅರ್ಧ ಸಂಕೋಚ ಹೋಗುತ್ತದೆ. ಈ ಮೂರು ಸಾಲನ್ನು ನೀವು ಕೂತು ಯೋಚಿಸಿ ಬರೆಯಬೇಡಿ. ಹಳೆಯ ಚಾಟ್‌ಗಳನ್ನು ತೆಗೆದು, ಜನ ತಾವಾಗಿ ಬರೆದ ವಾಕ್ಯಗಳನ್ನೇ ಎತ್ತಿಕೊಳ್ಳಿ.

ಮೂರನೆಯದು, ಮೂರೇ ಆಯ್ಕೆ. ಹತ್ತು ಕೊಟ್ಟರೆ ಯಂತ್ರ ಮಾತಾಡಿದ ಹಾಗಿರುತ್ತದೆ, ಜೊತೆಗೆ ಚಿಕ್ಕ ಪರದೆಯಲ್ಲಿ ಮೊದಲ ಸಾಲು ಮೇಲೆ ಹೋಗಿ ನಿಮ್ಮ ಪರಿಚಯವೇ ಕಾಣಿಸಲ್ಲ. ದೊಡ್ಡ ಸಂಸ್ಥೆಗಳು ಬಳಸುವ ವಾಟ್ಸಾಪ್ ವ್ಯವಸ್ಥೆಯಲ್ಲೂ ಮಾತಿನ ನಡುವೆ ಕಳಿಸುವ ಒಂದು ಸಂದೇಶದ ಕೆಳಗೆ ಉತ್ತರಕ್ಕೆ ಒತ್ತುವ ಬಟನ್ ಮೂರೇ ಇಡಲು ಬರುವುದು.

ನಾಲ್ಕನೆಯದು ಆ 4. ಎಲ್ಲ ಅರ್ಜಿಗಳಲ್ಲೂ ಕೊನೆಗೆ ‘ಇತರೆ’ ಅಂತ ಇರುತ್ತದಲ್ಲ, ಅದನ್ನು ಒತ್ತಿದರೆ ಮುಂದೆ ಖಾಲಿ ಜಾಗ ಬರುತ್ತದೆ, ಅಲ್ಲಿ ಮತ್ತೆ ತಾವೇ ಬರೆಯಬೇಕು. ನಾಚಿಕೆಯವರು ಅಲ್ಲಿ ನಿಂತುಬಿಡುತ್ತಾರೆ. ನಿಮ್ಮ 4ನ್ನು ಒತ್ತಿದರೆ ಮುಂದಿನ ಕೆಲಸ ನಿಮ್ಮದು. 4 ಬಂದ ತಕ್ಷಣ ಮತ್ತೊಂದು ಸುಲಭದ ಪ್ರಶ್ನೆ ಹಾಕಿ. ‘ಸರಿ. ಇದು ಕಾಲೇಜಿನ ವಿಷಯನಾ, ದಾಖಲೆ ವಿಷಯನಾ, ಮನೆ ವಿಷಯನಾ?’ ಇಷ್ಟೇ. ಮನೆ ವಿಷಯ ಅಂತ ಬಂದರೆ ಅಲ್ಲಿಂದ ಮುಂದೆ ನಿಧಾನ.

ಇನ್ನು ಮೊದಲ ಉತ್ತರದಲ್ಲಿ ಇರಬಾರದ್ದು. ಹೆಸರು, ತರಗತಿ, ಜಾತಿ, ಆಧಾರ್ ನಂಬರ್ ಕೇಳಬೇಡಿ. ದಾಖಲೆ ಕೇಳಿದ ಕ್ಷಣ ಅದು ಕಚೇರಿಯಾಗುತ್ತದೆ. ಆಧಾರ್ ನಂಬರ್ ಮತ್ತು ಒಟಿಪಿ ಅಂತೂ ಮೊದಲಲ್ಲ, ಯಾವತ್ತೂ ಚಾಟಿನಲ್ಲಿ ಕೇಳಬೇಡಿ. ಸ್ಕಾಲರ್‌ಶಿಪ್ ಕೆಲಸಕ್ಕೆ ನಿಮಗೆ ಅದು ಬೇಕಾಗಿಯೂ ಇರುವುದಿಲ್ಲ, ಅವರೇ ಲಾಗಿನ್ ಆಗಿ ನೋಡಿಕೊಳ್ಳಬೇಕು. ಕರೆ ಮಾಡಲೂ ಬೇಡಿ. ಹಾಯ್ ಅಂದವರ ಫೋನು ದಿಢೀರ್ ಅಂತ ರಿಂಗ್ ಆದರೆ ಅರ್ಧ ಜನ ಕಟ್ ಮಾಡಿ ಬ್ಲಾಕ್ ಮಾಡುತ್ತಾರೆ. ಮಾತಾಡಿದರೆ ಸುಲಭ ಅನಿಸಿದರೆ ‘ಫೋನ್ ಮಾಡ್ಲಾ? ಈಗ ಮಾತಾಡೋಕೆ ಆಗುತ್ತಾ?’ ಅಂತ ಮೊದಲು ಕೇಳಿ.

ಒಂದು ಮಾತುಕತೆಯನ್ನು ಪೂರ್ತಿ ನೋಡೋಣ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ, ಆದರೆ ಇಂಥವು ಸಾಮಾನ್ಯವಾಗಿ ಸಾಗುವುದೇ ಹೀಗೆ. ರಾತ್ರಿ ಒಂಬತ್ತೂವರೆ ದಾಟಿದೆ. ‘ಹಾಯ್’ ಬಂತು. ಪ್ರೊಫೈಲಿನಲ್ಲಿ ದೇವರ ಫೋಟೋ, ಹೆಸರು ಗಂಡಸಿನದು. ಸ್ವಯಂಸೇವಕಿ ಮೇಲಿನ ಸಂದೇಶ ಕಳಿಸಿದಳು. ಹೆಸರು ನೋಡಿ ‘ಹೇಳಿ ಸರ್’ ಅನ್ನಲಿಲ್ಲ, ಇದು ಮುಖ್ಯ. ‘typing…’ ಎರಡು ಸಲ ಬಂದು ಹೋಯಿತು. ಅವಳು ಸುಮ್ಮನಿದ್ದಳು. ನಡುವೆ ‘ಹೇಳಿ ಹೇಳಿ’ ಅಂತ ಹಾಕಲಿಲ್ಲ. ಕೊನೆಗೆ ಉತ್ತರ ಬಂತು: ‘2’.

ಇಲ್ಲಿ ಬಹಳ ಜನ ಎಡವುತ್ತಾರೆ. 2 ಅಂತ ಬಂದ ಕೂಡಲೇ ‘ರಾಜ್ಯ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯ ನಿಮ್ಮ ಐಡಿ, ಕೋರ್ಸ್, ಯಾವ ಇಲಾಖೆ, ಬ್ಯಾಂಕ್ ಹೆಸರು, ಸ್ಟೇಟಸ್ ಸ್ಕ್ರೀನ್‌ಶಾಟ್ ಕಳಿಸಿ’ ಅಂತ ಐದು ಪ್ರಶ್ನೆ ಒಟ್ಟಿಗೆ ಸುರಿಯುತ್ತಾರೆ. ಅರ್ಧ ತೆರೆದ ಬಾಯಿ ಮುಚ್ಚಿತು. ಒಂದು ಸಲಕ್ಕೆ ಒಂದೇ ಪ್ರಶ್ನೆ. ಅದೂ ಒಂದೇ ಪದದಲ್ಲಿ ಉತ್ತರಿಸುವಂಥದ್ದು. ನಮ್ಮ ಸ್ವಯಂಸೇವಕಿ ಕೇಳಿದಳು: ‘ಸರಿ, ನೋಡೋಣ. ಈ ವರ್ಷದ್ದಾ, ಹೋದ ವರ್ಷದ್ದಾ?’ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬಂತು: ‘ಹೋದ ವರ್ಷ’. ಸ್ವಯಂಸೇವಕಿಯೂ ಮುಂದೆ ಇಂಗ್ಲಿಷ್ ಅಕ್ಷರಕ್ಕೇ ಬದಲಾದಳು. ಆ ಕಡೆಯವರು ಹೇಗೆ ಬರೆಯುತ್ತಾರೋ ಹಾಗೇ ನೀವೂ ಬರೆದರೆ, ತಪ್ಪಾಗಿ ಬರೆದೆನೇನೋ ಅನ್ನೋ ಅಳುಕು ಅವರಿಗೆ ಇರಲ್ಲ.

ಮುಂದಿನ ಪ್ರಶ್ನೆ: ‘ಎಸ್‌ಎಸ್‌ಪಿ ವೆಬ್‌ಸೈಟಲ್ಲಿ ಏನು ತೋರಿಸುತ್ತೆ ಅಂತ ನೋಡಿದ್ರಾ? ನೋಡಿದೆ, ಇಲ್ಲ, ಹೇಗೆ ನೋಡೋದು ಗೊತ್ತಿಲ್ಲ, ಯಾವುದಾದ್ರೂ ಪರವಾಗಿಲ್ಲ.’ ಗೊತ್ತಿಲ್ಲ ಅನ್ನುವುದನ್ನೂ ಒಂದು ಸಾಮಾನ್ಯ ಉತ್ತರವಾಗಿ ಮುಂದಿಟ್ಟದ್ದು ನೋಡಿ. ಹಾಗೆ ಇಡದಿದ್ದರೆ ಗೊತ್ತಿಲ್ಲದವರೂ ‘ನೋಡಿದೆ’ ಅಂದುಬಿಡುತ್ತಾರೆ. ನೀವು ಅಲ್ಲಿಂದ ತಪ್ಪು ದಾರಿ ಹಿಡಿಯುತ್ತೀರಿ. ಈ ಸಲ ಉತ್ತರ ಸ್ವಲ್ಪ ಉದ್ದ ಬಂತು. ‘ನೋಡಿದೆ. ದುಡ್ಡು ಹಾಕಿದೀವಿ ಅಂತ ತೋರಿಸುತ್ತೆ. ನನ್ನ ಅಕೌಂಟಿಗೆ ಬಂದಿಲ್ಲ ಅಕ್ಕ.’

ಆ ‘ಅಕ್ಕ’ ಬಂದಮೇಲೆ ಕೆಲಸ ಸುಲಭ. ವಿಷಯ ಗೊತ್ತಿರುವವರಿಗೆ ಕಾರಣ ಕೂಡಲೇ ಹೊಳೆಯುತ್ತದೆ. ಡಿಬಿಟಿ, ಅಂದರೆ ಸರ್ಕಾರ ನೇರ ಖಾತೆಗೆ ಹಾಕುವ ದುಡ್ಡು, ಆಧಾರ್ ಹಿಡಿದುಕೊಂಡು ಹೋಗುತ್ತದೆ. ಆಧಾರ್‌ಗೆ ಕೊನೆಯದಾಗಿ ಯಾವ ಬ್ಯಾಂಕ್ ಜೋಡಣೆಯಾಗಿದೆಯೋ ಆ ಬ್ಯಾಂಕಿನ ಖಾತೆಗೆ ಬೀಳುತ್ತದೆ. ಪಾಸ್‌ಬುಕ್ ಕೈಯಲ್ಲಿರುವ ಖಾತೆಗೇ ಬರಬೇಕು ಅಂತೇನಿಲ್ಲ. ಮಾಮೂಲಿ ಸಲಹೆ ಅಂದರೆ myAadhaar ಸೈಟಿಗೆ ಹೋಗಿ, ಒಟಿಪಿ ಹಾಕಿ, Bank Seeding Status ನೋಡಿ ಅನ್ನೋದು. ಸ್ವಯಂಸೇವಕಿ ಅದನ್ನು ಹೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಿದಳು: ‘ಆಧಾರ್‌ಗೆ ಕೊಟ್ಟಿರೋ ಮೊಬೈಲ್ ನಿಮ್ಮ ಹತ್ರ ಇದೆಯಾ, ಮನೆಯವರ ಹತ್ರನಾ?’

ಇಲ್ಲಿ ಉತ್ತರಕ್ಕೆ ತುಂಬ ಹೊತ್ತು ಹಿಡಿಯಿತು. ಆಮೇಲೆ ಬಂದದ್ದೇ ನಿಜವಾದ ವಿಷಯ. ಆ ನಂಬರ್ ಅಪ್ಪನದು. ಚಿಕ್ಕಂದಿನಲ್ಲಿ ಮಾಡಿಸಿದ ಒಂದು ಖಾತೆಯೂ ಇದೆ, ಅದರ ಎಟಿಎಂ ಕಾರ್ಡ್ ಅಪ್ಪನ ಹತ್ತಿರ. ದುಡ್ಡು ಅಲ್ಲಿಗೆ ಹೋಗಿದೆಯೇನೋ ಅಂತ ಅವಳಿಗೆ ಮೊದಲಿನಿಂದಲೂ ಅನುಮಾನ. ಕೇಳಲು ಧೈರ್ಯ ಇಲ್ಲ. ಈಗ ಮಾತಾಡುತ್ತಿರುವುದು ಅಣ್ಣನ ಫೋನಿನಲ್ಲಿ. ಒಂದು ಹಾಯ್ ಹಿಂದೆ ಇಷ್ಟೆಲ್ಲ ಇತ್ತು. ‘ಒಟಿಪಿ ಹಾಕಿ ನೋಡಿ’ ಅಂತ ಮೊದಲೇ ಹೇಳಿದ್ದರೆ ಆ ಒಟಿಪಿ ಅಪ್ಪನ ಫೋನಿಗೆ ಬರುತ್ತಿತ್ತು, ‘ಇದೇನಿದು?’ ಅಂತ ಮನೆಯಲ್ಲಿ ವಿಚಾರಣೆ ಆಗುತ್ತಿತ್ತು.

ಅವಳಿಗೆ ಹೇಳಿದ್ದು ಇಷ್ಟು. ನಿಮ್ಮದೇ ಖಾತೆ ಇರುವ ಬ್ಯಾಂಕ್ ಶಾಖೆಗೆ ಆಧಾರ್, ಪಾಸ್‌ಬುಕ್ ತಗೊಂಡು ಹೋಗಿ. ಆಧಾರ್ ಸೀಡಿಂಗ್ ಅರ್ಜಿ ಕೇಳಿ, ತುಂಬಿ ಕೊಡಿ. ಈಗ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತಲೂ ಅಲ್ಲೇ ಕೇಳಿ ನೋಡಿ. ಇನ್ನು ಮುಂದೆ ಬರುವ ದುಡ್ಡು ಈ ಖಾತೆಗೆ ಬರುತ್ತದೆ. ಆಗಲೇ ಹೋದ ಕಂತು ಮಾತ್ರ ಹಳೆ ಖಾತೆಯಲ್ಲೇ ಇರುತ್ತದೆ, ಅದು ತಾನಾಗಿ ವಾಪಸ್ ಬರಲ್ಲ. ಈ ಕೊನೆಯ ಮಾತು ಹೇಳಲು ಕಷ್ಟ, ಆದರೆ ಬಿಡಬಾರದು. ಮೊಬೈಲ್ ನಂಬರ್ ಬದಲಿಸಬೇಕಾದರೆ ಆಧಾರ್ ಕೇಂದ್ರಕ್ಕೆ ತಾವೇ ಹೋಗಿ ಮಾಡಿಸಬಹುದು ಅಂತಲೂ ಹೇಳಿ, ಅದನ್ನು ಮಾಡಬೇಕೋ ಬೇಡವೋ ಅನ್ನೋದನ್ನು ಅವಳಿಗೇ ಬಿಟ್ಟಳು.

ಫೋನ್ ಯಾರದು ಅನ್ನುವ ವಿಷಯವನ್ನು ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಸಂಕೋಚ ಅಂತ ನಾವು ಅಂದುಕೊಳ್ಳುವುದರಲ್ಲಿ ಬಹುಪಾಲು ಇದೇ ಇರುತ್ತದೆ. ಫೋನ್ ಅಮ್ಮನದು, ಅಣ್ಣನದು, ಕೆಲವೊಮ್ಮೆ ಹಾಸ್ಟೆಲಿನ ಗೆಳತಿಯದು. ನೀವು ಕಳಿಸಿದ್ದನ್ನು ಯಾರು ಓದುತ್ತಾರೋ ಗೊತ್ತಿಲ್ಲ. ಹಾಗಾಗಿ ನಿಮ್ಮ ಮೊದಲ ಸಂದೇಶ ಮನೆಯ ಯಾರು ಓದಿದರೂ ತೊಂದರೆ ಆಗದಂತಿರಬೇಕು. ಮೂರನೇ ನಾಲ್ಕನೇ ಸಂದೇಶದ ಹೊತ್ತಿಗೆ ಮನೆ ವಿಷಯ ಬರುತ್ತಿದೆ ಅನಿಸಿದರೆ ‘ಈ ಫೋನ್ ಬೇರೆಯವರೂ ನೋಡ್ತಾರಾ?’ ಅಂತ ಕೇಳಿ. ಹೌದು ಅಂದರೆ ‘ಬೇಕಿದ್ರೆ ನಮ್ಮ ಚಾಟ್ ಅಳಿಸಿಬಿಡಿ, ನಿಮ್ಮ ವಿಷಯ ನಮ್ಮ ಹತ್ರ ಇರುತ್ತೆ’ ಅನ್ನಿ. ಹೀಗೆ ಹೇಳಿದ ಮೇಲೆ ನಿಮ್ಮ ಕಡೆ ಅದನ್ನು ಬರೆದಿಟ್ಟುಕೊಳ್ಳಬೇಕು. ಮತ್ತೆ ಮೊದಲಿಂದ ಹೇಳಿಸಬಾರದು.

ಸಂಬೋಧನೆಯೂ ಇದಕ್ಕೇ ಸೇರಿದ್ದು. ಯಾರು ಅಂತ ಗೊತ್ತಾಗುವ ತನಕ ಬರೀ ‘ನೀವು’ ಸಾಕು. ಸರ್, ಮೇಡಂ, ಅಮ್ಮ, ತಮ್ಮ ಯಾವುದೂ ಬೇಡ. ಅವರು ಅಕ್ಕ ಅಂದರೆ ಆಗ ನೀವು ಅದಕ್ಕೆ ತಕ್ಕ ಹಾಗೆ ಸಲಿಗೆ ತೋರಿಸಬಹುದು. ಏಕವಚನಕ್ಕೆ ಮಾತ್ರ ಇಳಿಯಬೇಡಿ. ಹುಡುಗರು ಅಂತ ಗೊತ್ತಾದ ಮೇಲೂ ‘ಏನಪ್ಪ, ಹೇಳು’ ಅಂದರೆ ಕೆಲವರಿಗೆ ಆಪ್ತ ಅನಿಸುತ್ತದೆ, ಕೆಲವರಿಗೆ ಮೇಷ್ಟ್ರು ಗದರಿದ ಹಾಗಿರುತ್ತದೆ.

ವಾಯ್ಸ್ ಮೆಸೇಜ್ ಬಗ್ಗೆ ಒಂದು ಮಾತು. ಬರೆಯಲು ಕಷ್ಟಪಡುವವರಿಗೆ ‘ವಾಯ್ಸ್ ಕಳಿಸಿದ್ರೂ ಆಗುತ್ತೆ’ ಅನ್ನೋದು ದೊಡ್ಡ ಅನುಕೂಲ. ತಂದೆತಾಯಿ ಮಾತಾಡುತ್ತಿದ್ದರೆ ಅಂತೂ ಅದೇ ಸರಿ. ಆದರೆ ನೀವಾಗಿ ಮೊದಲು ವಾಯ್ಸ್ ಕಳಿಸಬೇಡಿ. ಬಸ್ಸಿನಲ್ಲೋ ನಡುಮನೆಯಲ್ಲೋ ಅದು ಜೋರಾಗಿ ಓಡಿದರೆ ಎಲ್ಲರಿಗೂ ಕೇಳಿಸುತ್ತದೆ. ಅವರು ವಾಯ್ಸ್ ಕಳಿಸಿದ ಮೇಲೆ ನೀವೂ ಕಳಿಸಿ, ಮುಖ್ಯವಾದ ಒಂದೆರಡು ಮಾತನ್ನು ಬರಹದಲ್ಲೂ ಹಾಕಿ.

ಇನ್ನು ಎಲ್ಲ ಸರಿಯಾಗಿ ಮಾಡಿದರೂ ಉತ್ತರ ಬರದವರು. ಮೊದಲು ನಿಮ್ಮ ವೇಗ ನೋಡಿಕೊಳ್ಳಿ. ಹಾಯ್ ಬಂದ ಐದು ಹತ್ತು ನಿಮಿಷದಲ್ಲಿ ಉತ್ತರ ಹೋದರೆ ಫೋನ್ ಇನ್ನೂ ಅವರ ಕೈಯಲ್ಲೇ ಇರುತ್ತದೆ. ಎರಡು ಗಂಟೆ ಬಿಟ್ಟು ಹೋದರೆ ಅದು ಅಮ್ಮನ ಕೈಗೆ ಮರಳಿರುತ್ತದೆ. ಯಾವಾಗಲೂ ಯಾರಾದರೂ ಕೂತಿರೋಕೆ ಆಗಲ್ಲ, ನಿಜ. ವಾಟ್ಸಾಪ್ ಬಿಸಿನೆಸ್ ಆ್ಯಪಿನಲ್ಲಿ Greeting message ಅಂತ ಇದೆ. ಮೊದಲ ಸಲ ಬರೆದವರಿಗೆ, ಅಥವಾ 14 ದಿನ ಮಾತಿಲ್ಲದೆ ಮತ್ತೆ ಬರೆದವರಿಗೆ ಅದು ತಾನಾಗಿ ಹೋಗುತ್ತದೆ. ಹೆಚ್ಚಿನವರು ಅಲ್ಲಿ ‘ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು, ಶೀಘ್ರದಲ್ಲೇ ಉತ್ತರಿಸುತ್ತೇವೆ’ ಅಂತ ಹಾಕಿರುತ್ತಾರೆ. ಇದಕ್ಕಿಂತ ಏನೂ ಹಾಕದಿರುವುದೇ ವಾಸಿ. ‘ಉತ್ತರಿಸುತ್ತೇವೆ’ ಅಂದರಲ್ಲ, ಇನ್ನು ಅವರು ಯಾಕೆ ಬರೆಯುತ್ತಾರೆ? ಕಾಯುತ್ತಾರೆ. ಹಾಕುವುದಾದರೆ ಮೇಲೆ ಹೇಳಿದ ಪಟ್ಟಿಯನ್ನೇ ಹಾಕಿ, ‘ಬೆಳಿಗ್ಗೆ 9ರಿಂದ ನಾವು ಇರ್ತೀವಿ, ಈಗ ನಂಬರ್ ಒತ್ತಿಟ್ಟರೆ ಬೆಳಿಗ್ಗೆ ಅಲ್ಲಿಂದಲೇ ಶುರು ಮಾಡೋಣ’ ಅಂತ ಸೇರಿಸಿ. ಆದರೆ ಆ ಸಂದೇಶದಲ್ಲಿ ಯಾರ ಹೆಸರನ್ನೂ ಹಾಕಬೇಡಿ. ಯಂತ್ರ ಕಳಿಸಿದ್ದಕ್ಕೆ ಮನುಷ್ಯರ ಹೆಸರು ಇದ್ದರೆ, ‘ಅಕ್ಕ ಇದ್ದೀರಾ?’ ಅಂತ ಕೇಳಿ ಉತ್ತರ ಬರದೆ ಅವರು ಮುಜುಗರ ಪಡುತ್ತಾರೆ.

ಉತ್ತರ ಬರಲಿಲ್ಲವಾ? ಒಂದೇ ಒಂದು ಸಲ ನೆನಪಿಸಿ. ಮಾರನೇ ದಿನ, ಅವರು ಹಾಯ್ ಕಳಿಸಿದ ಅದೇ ಹೊತ್ತಿಗೆ. ಯಾಕೆಂದರೆ ಫೋನ್ ಅವರ ಕೈಗೆ ಸಿಗುವ ಹೊತ್ತು ಅದು. ‘ಯಾಕೆ ಉತ್ತರಿಸಲಿಲ್ಲ?’, ‘ಇದ್ದೀರಾ?’ ಅಂತೆಲ್ಲ ಬೇಡ. ‘ನಿನ್ನೆ ಬರೆದಿದ್ರಿ. ಈಗ ಬೇಡ ಅನಿಸಿದ್ರೆ ಪರವಾಗಿಲ್ಲ, ಯಾವಾಗ ಬೇಕಾದ್ರೂ ಈ ನಂಬರಿಗೆ ಬರೆಯಬಹುದು. ಅರ್ಜಿಗೆ ಕೊನೆ ದಿನ ಹತ್ತಿರ ಇದ್ರೆ ಮಾತ್ರ ಬೇಗ ಹೇಳಿ’ ಅನ್ನಿ. ಅಲ್ಲಿಗೆ ನಿಲ್ಲಿಸಿ. ಎರಡನೇ ಸಲ ನೆನಪಿಸಿದರೆ ಬ್ಲಾಕ್ ಆಗುತ್ತೀರಿ. ತುಂಬ ಜನ ಬ್ಲಾಕ್ ಮಾಡಿದರೆ, ದೂರು ಕೊಟ್ಟರೆ, ನಿಮ್ಮ ನಂಬರಿಗೇ ಕುತ್ತು. ಮುಂದೆ ನೀವು ಆ್ಯಪ್ ಬಿಟ್ಟು ದೊಡ್ಡ ವ್ಯವಸ್ಥೆಗೆ ಹೋದರೆ ಇನ್ನೊಂದು ಮಿತಿ ಇದೆ. ಅವರ ಕೊನೆಯ ಸಂದೇಶ ಬಂದು 24 ಗಂಟೆ ಆದಮೇಲೆ ನಿಮ್ಮಿಷ್ಟದ ಮಾತು ಬರೆಯಲು ಬರುವುದಿಲ್ಲ, ಮೊದಲೇ ಒಪ್ಪಿಗೆ ಪಡೆದಿಟ್ಟ ಸಂದೇಶ ಮಾತ್ರ ಕಳಿಸಬಹುದು. ‘ಹಾಯ್ ಡಿಯರ್’ ಗಿರಾಕಿಗಳೂ ಬರುತ್ತಾರೆ. ಅವರಿಗೂ ಅದೇ ಮೊದಲ ಉತ್ತರ ಸಾಕು, ಹರಟೆಗೆ ಎಳೆದರೆ ಬ್ಲಾಕ್ ಮಾಡಿ ಮುಂದೆ ಹೋಗಿ.

ಕೇಳಿದ್ದಕ್ಕೆ ಉತ್ತರ ಕೊಟ್ಟ ಮೇಲೆ ಚಾಟ್ ಮುಚ್ಚುವ ಆತುರ ಬೇಡ. ನಾಚಿಕೆಯವರು ಮೊದಲು ತರುವುದು ಹೇಳಲು ಸುಲಭವಾದ ವಿಷಯ, ನಿಜವಾದದ್ದು ಎರಡನೆಯದಾಗಿ ಬರುತ್ತದೆ. ಇಲ್ಲೂ ಕೇಳುವ ರೀತಿ ಮುಖ್ಯ. ಅಮೆರಿಕದಲ್ಲಿ ಸಮಾಜಶಾಸ್ತ್ರಜ್ಞ ಜಾನ್ ಹೆರಿಟೇಜ್ ಮತ್ತು ಜೊತೆಗಾರರು 20 ವೈದ್ಯರ ಜೊತೆ ಒಂದು ಪ್ರಯೋಗ ಮಾಡಿ 2007ರಲ್ಲಿ ಪ್ರಕಟಿಸಿದರು. ರೋಗಿಗಳು ಒಳಗೆ ಹೋಗುವ ಮೊದಲೇ ತಮ್ಮ ತೊಂದರೆಗಳನ್ನೆಲ್ಲ ಬರೆದುಕೊಟ್ಟಿದ್ದರು. ಅರ್ಧ ವೈದ್ಯರು ‘ಎನಿಥಿಂಗ್ ಎಲ್ಸ್’ ಇದೆಯಾ ಅಂತ ಕೇಳಿದರು, ಇನ್ನರ್ಧ ‘ಸಮ್‌ಥಿಂಗ್ ಎಲ್ಸ್’ ಇದೆಯಾ ಅಂತ. ಎರಡನೆಯ ರೀತಿ ಕೇಳಿದಾಗ, ಹೇಳದೆ ಉಳಿಯುತ್ತಿದ್ದ ತೊಂದರೆಗಳು 78 ಶೇಕಡಾ ಕಡಿಮೆಯಾದವು. ಮೊದಲನೆಯ ರೀತಿ ಕೇಳಿದ್ದಕ್ಕೂ ಕೇಳದೆ ಬಿಟ್ಟದ್ದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ನಮ್ಮಲ್ಲೂ ‘ಮತ್ತೇನಾದ್ರೂ ಇದೆಯಾ?’ ಅಂದರೆ ‘ಏನಿಲ್ಲ’ ಅನ್ನೋದು ಬಾಯಿಗೆ ತಾನಾಗಿ ಬರುತ್ತದೆ. ಅದರ ಬದಲು ‘ಇನ್ನೂ ಒಂದು ಕೇಳಬೇಕು ಅಂತಿತ್ತಾ? ಅದನ್ನೂ ಕಳಿಸಿ, ನಾನು ಇನ್ನೂ ಸ್ವಲ್ಪ ಹೊತ್ತು ಇಲ್ಲೇ ಇದೀನಿ’ ಅಂದು ನೋಡಿ.

ಕೊನೆಗೆ ಪೋಸ್ಟರ್. ನಾನಾಗಿದ್ದರೆ ಮೊದಲು ಬದಲಿಸುವುದು ಅದನ್ನೇ. ‘ಹಾಯ್ ಕಳಿಸಿ’ ತೆಗೆದು ‘ನಿಮ್ಮ ಪ್ರಶ್ನೆಯನ್ನೇ ಕಳಿಸಿ, ಹೀಗೆ: ಅರ್ಜಿ ಹಾಕಿದೀನಿ, ದುಡ್ಡು ಬಂದಿಲ್ಲ’ ಅಂತ ಬರೆಯಿರಿ. ಅದಕ್ಕಿಂತ ಒಳ್ಳೆಯದು, ಮೂರು ವಿಷಯಕ್ಕೆ ಮೂರು ಕ್ಯೂಆರ್ ಕೋಡ್. ಪ್ರತಿಯೊಂದರ ಹಿಂದೆ ಇಂಥ ಲಿಂಕ್ ಇರಲಿ:

```
https://wa.me/91XXXXXXXXXX?text=Scholarship%20duddu%20bandilla
```

ಎಕ್ಸ್ ಇರುವಲ್ಲಿ ನಿಮ್ಮ ಹತ್ತು ಅಂಕಿಯ ನಂಬರ್ ಹಾಕಬೇಕು, ಪ್ಲಸ್ ಚಿಹ್ನೆ ಬೇಡ. `%20` ಅಂದರೆ ಪದಗಳ ನಡುವಿನ ಖಾಲಿ ಜಾಗ. ಸ್ಕ್ಯಾನ್ ಮಾಡಿದರೆ ಚಾಟ್ ತೆರೆದು ಆ ವಾಕ್ಯ ಮೊದಲೇ ತುಂಬಿರುತ್ತದೆ, ಅವರು ಕಳಿಸುವ ಗುರುತು ಒತ್ತಿದರೆ ಆಯ್ತು. ಏನು ಬರೆಯಲಿ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಎಲ್ಲರೂ ಓಡಾಡುವ ಕಾರಿಡಾರಿನಲ್ಲಿ ನಿಂತು ‘ದುಡ್ಡು ಬಂದಿಲ್ಲ’ ಅನ್ನೋ ಕೋಡನ್ನು ಸ್ಕ್ಯಾನ್ ಮಾಡಲು ಮಾತ್ರ ಕೆಲವರಿಗೆ ನಾಚಿಕೆಯಾಗುತ್ತದೆ. ಲೈಬ್ರರಿ ಒಳಗೆ, ಹಾಸ್ಟೆಲ್ ರೂಮಿನ ಬಾಗಿಲ ಹಿಂದೆ ಅಂಟಿಸಿ. ಹಳೆ ಪೋಸ್ಟರ್‌ಗಳು ಗೋಡೆಯ ಮೇಲೆ ಇರುವ ತನಕ ಹಾಯ್‌ಗಳೂ ಬರುತ್ತಲೇ ಇರುತ್ತವೆ.

ಬದಲಾವಣೆ ಮಾಡಿದ ಮೇಲೆ ಎರಡು ವಾರ ಒಂದು ಲೆಕ್ಕ ಇಡಿ. ಬರೀ ಹಾಯ್ ಅಂದವರಿಗೆ ಆ್ಯಪಿನಲ್ಲಿ ಒಂದು ಲೇಬಲ್ ಹಾಕಿ. ಅವರಲ್ಲಿ ಎಷ್ಟು ಜನ ಎರಡನೇ ಸಂದೇಶ ಕಳಿಸಿದರು, ನಿಂತವರು ನಿಮ್ಮ ಯಾವ ಮಾತಿನ ಮುಂದೆ ನಿಂತರು, ಇಷ್ಟೇ ನೋಡಿ. ಮೊದಲ ಸಂದೇಶಕ್ಕೇ ಜಾಸ್ತಿ ಜನ ನಿಂತಿದ್ದರೆ ಪಟ್ಟಿಯ ಮೂರು ಸಾಲು ಅವರ ಕಷ್ಟಕ್ಕೆ ಹೊಂದುತ್ತಿಲ್ಲ, ಬದಲಿಸಿ. ಎರಡು ಮೂರನೇ ಸಂದೇಶದ ಮುಂದೆ ನಿಂತಿದ್ದರೆ ಆ ಚಾಟ್‌ಗಳನ್ನು ತೆರೆದು ನೋಡಿ. ಯಾರೋ ಒಬ್ಬ ಸ್ವಯಂಸೇವಕರು ಅಲ್ಲಿ ಆಧಾರ್ ಕಾರ್ಡಿನ ಫೋಟೋ ಕೇಳಿರುತ್ತಾರೆ.